ಪತ್ರದಲ್ಲಿದ್ದ ಹೆಸರು

ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ದೂರುಗಳಿಗೆ ಉತ್ತರಿಸುವ ಕೆಲಸಕ್ಕೆ ನಾನು ಸೇರಿದ ಮೊದಲ ವಾರವದು. ಐರಣಿಯ ರೈತ ಮಹಿಳೆಯೊಬ್ಬರು ತಮ್ಮ ದೂರಿಗೆ ಉತ್ತರವಾಗಿ ಹೋಗಿದ್ದ ನಮ್ಮ ಪತ್ರ ಹಿಡಿದು ಬಂದರು. ಅವರ ಹೊಲದಲ್ಲಿ ಅರ್ಧ ಮೆಕ್ಕೆಜೋಳವೂ ಮೊಳೆತಿರಲಿಲ್ಲ. ಅವರು ಕೊಂಡಿದ್ದ ಲಾಟಿನದೇ ಬೀಜವನ್ನು ಮೊಳಕೆ ಪರೀಕ್ಷೆಗಿಟ್ಟು, ಹೊಲ ನೋಡಿ, ಸೋಮವಾರ ಉತ್ತರಿಸುವುದಾಗಿ ಪತ್ರ ಹೇಳಿತ್ತು. ಸೋಮವಾರ ಕಳೆದಿತ್ತು.

“ಇದರಾಗಿನ ಸಾಹೇಬ್ರು ಫೋನ್ ಎತ್ತವಲ್ರು. ಖರೇ ಅದಾರೇನ್ರಿ, ಇಲ್ಲಾ ನಿಮ್ಮ ಬೀಜದಂಗ ಅವರೂ ಹುಟ್ಟೇ ಇಲ್ಲೋ?”

ಪತ್ರದ ಕೆಳಗೆ ಹೆಸರು, ನಂಬರು ಇದ್ದ ಆ ಅಧಿಕಾರಿ ಕೆಲಸ ಬಿಟ್ಟು ವರ್ಷವಾಗಿತ್ತು. ಇನ್ನೂ ಅವರ ಹೆಸರಲ್ಲೇ ಪತ್ರ ಹೋಗುವುದೇಕೆಂದು ಮ್ಯಾನೇಜರನ್ನು ಕೇಳಿದೆ.

“ಬೈಗಳೆಲ್ಲಾ ಅವನ ಹೆಸರಿಗೆ ಹೋಗ್ತಾವು. ನಮಗ ಆರಾಮ ಐತಿ,” ಎಂದು ನಕ್ಕರು. ಪರೀಕ್ಷೆಗೆ ಹೋಗಬೇಕಿದ್ದ ಬೀಜದ ಪೊಟ್ಟಣ ಅವರ ಮೇಜಿನ ಮೇಲೇ ಇತ್ತು. ಆ ನಗು ಕಂಡು ಹೇಸಿಗೆಯಾಯಿತು.

ಹೊಸ ಪತ್ರ ಬರೆದು ಆ ಮಹಿಳೆಯ ಕೈಗಿತ್ತೆ: ನನ್ನ ಹೆಸರು, ನನ್ನ ನಂಬರು, ನಾಳೆ ಹೊಲದ ಭೇಟಿ, ಇಂದಿನಿಂದ ಏಳು ದಿನದ ಪರೀಕ್ಷೆ, ಎಂಟನೆಯ ದಿನ ಉತ್ತರ.

“ಎಂಟು ದಿನಕ್ಕ ಮತ್ತ ಬಿತ್ತೋ ಹದಾ ಹೋಗಿರ್ತೈತ್ರಿ,” ಎನ್ನುತ್ತ ಅವರು ಅಲ್ಲೇ ನಂಬರು ಒತ್ತಿದರು. ನನ್ನ ಕಿಸೆಯಲ್ಲಿ ಫೋನು ಬಡಿದುಕೊಂಡಿತು. “ಹೂಂ, ಬೈಯಾಕ ಒಬ್ಬರರ ಸಿಕ್ರು!”

ಅಷ್ಟಕ್ಕೇ ಅವರು ಸಮಾಧಾನಗೊಂಡದ್ದು ನನಗೆ ಇನ್ನಷ್ಟು ಅಸಹ್ಯ ತಂದಿತು. ನಮ್ಮಿಂದ ಅಷ್ಟು ಕಡಿಮೆ ಬಯಸುವುದನ್ನು ನಾವೇ ಅವರಿಗೆ ಕಲಿಸಿದ್ದೆವು.