ಮೇಲಿನಿಂದ ಕಂಡ ಒಂದನೇ ತರಗತಿ

ಒಂದನೇ ತರಗತಿಯ ಮಕ್ಕಳು ತಮ್ಮ ಟೀಚರಿಗೆ ಗಿರಗಿಟ್ಲೆ ಮಿಸ್ಸು ಅಂತ ಹೆಸರಿಟ್ಟಿದ್ದರು. ಬೆಳಗಿನ ಬೆಲ್ಲಿಗೆ ತಿರುಗಲು ಶುರುಮಾಡಿದರೆ ಸಂಜೆಯ ಬೆಲ್ಲಿಗೇ ನಿಲ್ಲುವುದು. ಒಬ್ಬನ ಮೂಗು ಒರೆಸಿ, ಇನ್ನೊಬ್ಬಳ ಪೆನ್ಸಿಲ್ ಚೂಪುಮಾಡಿ, ಮತ್ತೊಬ್ಬನ ಬಾಯಿಂದ ರಬ್ಬರು ಉಗುಳಿಸುವಷ್ಟರಲ್ಲಿ ಮೊದಲನೆಯವನ ಮೂಗು ಮತ್ತೆ ಸಿದ್ಧ. ಟೀಚರ್ ಕುರ್ಚಿ ಅಂತ ಒಂದಿತ್ತು. ಅದರ ಮೇಲೆ ಮಕ್ಕಳ ಸ್ವೆಟರುಗಳು ಗುಡ್ಡೆಬಿದ್ದು ಕೂತಿರುತ್ತಿದ್ದವು. ಸಂಬಳ ಸ್ವೆಟರಿಗೇ ಕೊಡಿ, ಕೂತು ಪಾಠ ಮಾಡೋದು ಅದೇ ಅಲ್ವಾ ಅಂತ ಉಳಿದ ಟೀಚರುಗಳು ಚುಡಾಯಿಸುತ್ತಿದ್ದರು.

ಆ ವರ್ಷ ಶಾಲೆಯ ಆಡಳಿತದವರಿಗೆ ಒಂದನೇ ತರಗತಿಗೆ ಹೊಸ ರಕ್ತ ಬೇಕು ಅನ್ನಿಸಿತು. ಹಳೇ ರಕ್ತವನ್ನು ಸೀಮೆಸುಣ್ಣ, ನಕ್ಷೆ, ಚೆಂಡುಗಳಿರುವ ಸ್ಟೋರ್ ರೂಮಿಗೆ ಕಳಿಸಿದರಾಯಿತು. ಹೆಡ್‌ಮಿಸ್ಸು ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವ ಪೈಕಿ. ಹೊರಗಿನಿಂದ ಒಬ್ಬ ಪರಿಶೀಲಕರು ಬಂದು ಒಂದು ಪಾಠ ನೋಡಲಿ, ಅವರು ಹೇಳಿದಂತೆ ಆಗಲಿ ಅಂದರು. ಗಿರಗಿಟ್ಲೆ ಮಿಸ್ಸು ಒಪ್ಪಿದರು. ಒಪ್ಪದಿದ್ದರೆ ಇನ್ನೇನು ಮಾಡುವುದಿತ್ತು? ಆ ಕೋಣೆ ಬಿಟ್ಟರೆ ಅವರಿಗೆ ಬೇರೆ ಊರೇ ಗೊತ್ತಿರಲಿಲ್ಲ.

ಪಾಠಕ್ಕೆ ಆರಿಸಿಕೊಂಡದ್ದು ಚಿತ್ರಕಲೆ: ಹಕ್ಕಿ ಮೇಲಿನಿಂದ ನೋಡಿದರೆ ನಮ್ಮ ಕ್ಲಾಸು ಹೇಗೆ ಕಾಣುತ್ತೆ? ಅದಕ್ಕೆ ಹಿಂದಿನ ವಾರದಿಂದಲೇ ತಯಾರಿ ನಡೆದಿತ್ತು. ಮೊದಲು ನೆಲದ ಮೇಲೆ ಲೋಟ ಇಟ್ಟು, ಎಲ್ಲರೂ ನಿಂತು ನೇರ ಕೆಳಗೆ ನೋಡಿದರು. ಎತ್ತರ ಮಾಯ, ಬರೀ ಉಂಗುರ. ಡಸ್ಟರನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದರು. ಆಮೇಲೆ ಮುಚ್ಚಳವಿಲ್ಲದ ಶೂ ಡಬ್ಬವೇ ಕ್ಲಾಸಾಯಿತು, ಬೆಂಕಿಪೊಟ್ಟಣಗಳು ಬೆಂಚುಗಳಾದವು, ಬಾಗಿಲಿದ್ದ ಕಡೆ ಕತ್ತರಿ ಆಡಿತು. ಒಂದು ಕಣ್ಣು ಮುಚ್ಚಿ ಮೇಲಿನಿಂದ ಇಣುಕಿ, ಕಂಡದ್ದನ್ನು ಹಾಳೆಗೆ ಇಳಿಸುವುದು.

ಅಷ್ಟರಲ್ಲಿ ಒಬ್ಬ ಮಧ್ಯದಲ್ಲಿ ಬೆಕ್ಕು ಬರೆದ. ಅದು ಒಂದು ದಿನ ಕ್ಲಾಸಿಗೆ ಬಂದಿತ್ತಂತೆ. ಮಿಸ್ಸು ನಕ್ಕು ಒಂದು ನಿಯಮ ಮಾಡಿದರು.

"ಓಡಾಡೋದನ್ನೆಲ್ಲ ಹಾಕಬೇಡಿ ಕಣ್ರೋ. ನಾವು ಬಂದಾಗಲೂ, ಹೋಗುವಾಗಲೂ ಎಲ್ಲಿತ್ತೋ ಅಲ್ಲೇ ಇರುತ್ತಲ್ಲ, ಅದನ್ನ ಮಾತ್ರ ಹಾಕಿ."

ಪರಿಶೀಲಕರು ಬಂದ ದಿನ ಮಕ್ಕಳು ಜಾಣರಾಗಿ ಕೂತು ಬರೆದರು. ಗೋಡೆಗೆ ಗೆರೆ, ಬಾಗಿಲಿಗೆ ಸಂದು, ಬೆಂಚಿಗೆ ಉದ್ದನೆ ಚೌಕ. ತಾನು ಕೂರುವ ಬೆಂಚಿಗೆ ಮಾತ್ರ ಬಣ್ಣ. ಒಬ್ಬ ಬೆಂಚಿನ ನಾಲ್ಕು ಕಾಲುಗಳನ್ನೂ ಹಲ್ಲಿಯಂತೆ ಆಚೀಚೆ ಹರಡಿದ್ದ. ಈ ವಯಸ್ಸಿಗೆ ಕಂಡದ್ದಕ್ಕಿಂತ ಗೊತ್ತಿದ್ದದ್ದೇ ಕೈಗೆ ಬರುತ್ತೆ, ಕ್ರಮೇಣ ಸರಿಹೋಗುತ್ತೆ ಅಂತ ಮಿಸ್ಸು ವಿವರಿಸಿದರು. ಪರಿಶೀಲಕರು ಹೂಂ ಅಂದರು. ಮಿಸ್ಸಿಗೆ ಅರ್ಧ ಗೆದ್ದಷ್ಟು ಧೈರ್ಯ ಬಂತು.

ಆಗ ಪರಿಶೀಲಕರು ಮುಂದಿನ ಬೆಂಚಿನ ಹುಡುಗಿಯ ಹಾಳೆ ಎತ್ತಿಕೊಂಡು, ನಿಮ್ಮ ಮಿಸ್ಸು ಎಲ್ಲಿ ಪುಟ್ಟಿ ಅಂತ ಕೇಳಿದರು.

"ಮಿಸ್ಸನ್ನ ಹಾಕಬಾರದು ಸರ್."

ಪಕ್ಕದ ಹಾಳೆ ನೋಡಿದರು, ಅದರಾಚೆಯದನ್ನೂ ನೋಡಿದರು. ಕುರ್ಚಿ ಇತ್ತು. ಕುರ್ಚಿಯ ಮೇಲೆ ಸ್ವೆಟರುಗಳ ಉಂಡೆಯೂ ಇತ್ತು. ಕಸದ ಬುಟ್ಟಿಗೆ ಸುಂದರವಾದ ಉಂಗುರ. ಮಿಸ್ಸು ಮಾತ್ರ ಯಾವ ಹಾಳೆಯಲ್ಲೂ ಇಲ್ಲ. ಪರಿಶೀಲಕರ ಮುಖದಲ್ಲಿ ಕಳ್ಳ ಸಿಕ್ಕಿಬಿದ್ದ ಖುಷಿ.

ಮಿಸ್ಸು ಮೆಲ್ಲಗೆ ಹೇಳಿದರು: "ಓಡಾಡೋದನ್ನ ಹಾಕಬೇಡಿ ಅಂತ ನಾನೇ ಹೇಳಿಕೊಟ್ಟಿದ್ದೆ ಸರ್. ಪಾಪ, ಅವರು ಸರಿಯಾಗೇ ಮಾಡಿದಾರೆ."

"ಅದೇ ನಾನು ಕೇಳ್ತಿರೋದು ಮೇಡಂ. ಟೀಚರ್ ಅಂದ್ಮೇಲೆ ಒಂದು ಕಡೆ ಇರಬೇಕಲ್ವಾ? ಮಕ್ಕಳ ಮನಸ್ಸಲ್ಲಿ ನಿಮಗೆ ಜಾಗವೇ ಇಲ್ಲ."

ಇದಕ್ಕೆ ಏನು ಹೇಳಬಹುದಿತ್ತು ಎಂಬುದು ಆಕೆಗೆ ಮನೆಗೆ ಹೋಗುವ ಬಸ್ಸಿನಲ್ಲಿ ಹೊಳೆಯಿತು. ಒಳ್ಳೆಯ ಉತ್ತರಗಳೆಲ್ಲ ಬಸ್ಸಿನಲ್ಲೇ ಹೊಳೆಯುವುದು. ಆ ಕ್ಷಣದಲ್ಲಿ ಆಕೆ ಮಾಡಿದ್ದು ಇಷ್ಟೇ: ಯಾರದೋ ಮೂಗು ಸುರಿಯುತ್ತಿತ್ತು, ಹೋಗಿ ಒರೆಸಿದರು. ಪರಿಶೀಲಕರು ಅದನ್ನೂ ಬರೆದುಕೊಂಡರು.

ಮರುವಾರ ಹೆಡ್‌ಮಿಸ್ಸು ಕರೆದು, ಬಾಗಿಲು ಮುಚ್ಚಿಸಿ, ಬಹಳ ಅಕ್ಕರೆಯಿಂದ ಮಾತಾಡಿದರು. ಸ್ಟೋರ್ ರೂಮಿಗೆ ಹೊಸ ಕುರ್ಚಿ ಹಾಕಿಸಿದ್ದೇವೆ ಅಂದರು. ಫ್ಯಾನೂ ಇದೆ ಅಂದರು. ನಿಮ್ಮ ಮಂಡಿನೋವಿಗೂ ಒಳ್ಳೇದೇ ಆಯ್ತಲ್ಲ ಅಂತ ಸೇರಿಸಿದರು. ಮಂಡಿನೋವಿನ ವಿಷಯ ಆಕೆ ಯಾರ ಹತ್ತಿರವೂ ಹೇಳಿರಲಿಲ್ಲ. ಮೆಟ್ಟಿಲು ಹತ್ತುವುದನ್ನು ಯಾರೋ ಗಮನಿಸಿ ವರದಿ ಒಪ್ಪಿಸಿದ್ದರು.

ರಾತ್ರಿ ಊಟಕ್ಕೆ ಕೂತಾಗ ತಂಗಿ ಎಲ್ಲ ಕೇಳಿಸಿಕೊಂಡಳು. ಪರಿಶೀಲಕರನ್ನು ಬೈದಳು, ಹೆಡ್‌ಮಿಸ್ಸಿನ ಅಕ್ಕರೆಗೆ ಬೆಂಕಿ ಹಾಕಿದಳು.

"ಹೆಡ್‌ಮಿಸ್ಸು ಅಷ್ಟೆಲ್ಲ ಅಂದಾಗ ನೀನು ಏನಂದೆ ಅಕ್ಕಾ?"

ಅಕ್ಕ ತಂಗಿಯ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು.

"ಥ್ಯಾಂಕ್ಸ್ ಮೇಡಂ ಅಂದೆ ಕಣೇ."