ಬಡ್ಡಿ ಏರಿದ ವರ್ಷ ಕಟ್ಟದ ಕಾರ್ಖಾನೆ

ಯಲಹಂಕದಲ್ಲಿ ಪಂಪು ತಯಾರಿಸುವ ಕಂಪನಿಯೊಂದರ ಹಣಕಾಸು ವಿಭಾಗದಲ್ಲಿ ನಾನಿದ್ದೆ. ಕೋಗಿಲು ಬಳಿ ಎರಡನೇ ಕಾರ್ಖಾನೆ ಕಟ್ಟಲು ಹುಬ್ಬಳ್ಳಿ ಕಡೆಯ ನಮ್ಮ ಮುಖ್ಯ ಇಂಜಿನಿಯರ್ ಎರಡು ವರ್ಷ ಕೂತು ನಕ್ಷೆ ತಯಾರಿಸಿದ್ದರು. ಅಷ್ಟರಲ್ಲಿ ಬಡ್ಡಿ ದರ ಮೇಲಿಂದ ಮೇಲೆ ಏರಿತು, ನಮ್ಮ ಷೇರು ಕುಸಿಯಿತು.

ಆಡಳಿತ ಮಂಡಳಿಯ ಸಭೆಗೆ ಲೆಕ್ಕ ಹಾಕಿದವನು ನಾನೇ. ನಮ್ಮ ಈಗಿನ ಕಾರ್ಖಾನೆ, ಯಂತ್ರಗಳನ್ನೇ ಹೊಸದಾಗಿ ನಿಲ್ಲಿಸಲು ನೂರು ರೂಪಾಯಿ ಬೇಕಾದರೆ, ಷೇರು, ಸಾಲ ಎಲ್ಲ ಸೇರಿಸಿ ಪೇಟೆ ನಮ್ಮ ಕಂಪನಿಗೆ ಕಟ್ಟುತ್ತಿದ್ದ ಬೆಲೆ ಎಪ್ಪತ್ತು.

ಸಭೆಯ ಹಿಂದಿನ ದಿನ ಇಂಜಿನಿಯರಿಗೆ ಹೇಳಿದೆ. "ನೂರು ಸುರಿದು ಎಪ್ಪತ್ತರ ಆಸ್ತಿ ಮಾಡ್ಕೊಂಡಂಗಾಗುತ್ತೆ ಸರ್."

"ಮಷಿನ್ ಮೊದಲಿನಂಗ ಓಡಾಕತ್ತಾವಲ್ರೀ. ಬೆಲಿ ಹೆಂಗ ಕಮ್ಮಿ ಆತು?"

"ಬಡ್ಡಿ ಜಾಸ್ತಿ ಆಯ್ತಲ್ಲ ಸರ್. ಮುಂದೆ ಬರೋ ಅದೇ ಲಾಭಕ್ಕೆ ಜನ ಇವತ್ತು ಕಮ್ಮಿ ಕೊಡ್ತಾರೆ."

ಅವರು ನಕ್ಷೆ ಸುತ್ತಿಟ್ಟರು.

ಮಂಡಳಿ ಯೋಜನೆ ಕೈಬಿಟ್ಟು, ನಮ್ಮಂತೆಯೇ ಬೆಲೆ ಕುಸಿದು ಮಾರಾಟಕ್ಕಿದ್ದ ಇನ್ನೊಂದು ಕಂಪನಿಯ ಕಾರ್ಖಾನೆಯನ್ನು ಅಗ್ಗಕ್ಕೆ ಕೊಂಡಿತು. ಕೆಲವೇ ತಿಂಗಳಲ್ಲಿ ಇಂಜಿನಿಯರ್ ಕೆಲಸ ಬಿಟ್ಟು ಊರಿಗೆ ಹೋದರು. ಆಮೇಲೆ ದರ ಇಳಿಯಿತು, ಷೇರು ಏರಿತು. ನಾನು ಮತ್ತೆ ಲೆಕ್ಕ ಹಾಕಿದಾಗ ನೂರು ಸುರಿದರೆ ನೂರಕ್ಕಿಂತ ಹೆಚ್ಚಿನ ಆಸ್ತಿಯಾಗುತ್ತಿತ್ತು; ಮಂಡಳಿ ಕೋಗಿಲು ಬಳಿ ಹೊಸದನ್ನು ಕಟ್ಟಲು ಒಪ್ಪಿತು. ನನ್ನ ಲೆಕ್ಕ ಎರಡು ಸಲವೂ ಸರಿಯಿತ್ತು. ಆ ಇಂಜಿನಿಯರಿಗೆ ಫೋನ್ ಮಾಡಿ ಇದನ್ನು ಹೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ.