ಸೀರೆ ಅಂಗಡಿಯ ಮೂಲೆಯಲ್ಲಿ ಒಂದು ಸೀಜನ್

ಝಳಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮಷೀನ್ ಇಟ್ಟುಕೊಂಡು ನಾನು ಬ್ಲೌಸ್ ಹೊಲಿಯುತ್ತ ಬಂದವಳು. ಒಂದು ಕಾಲಕ್ಕೆ ಮದುವೆ ದಿನಗಳಲ್ಲಿ ಊಟಕ್ಕೆ ಏಳಲೂ ಪುರುಸೊತ್ತಿರುತ್ತಿರಲಿಲ್ಲ. ಆಮೇಲೆ ಕೆಲಸ ಸದ್ದಿಲ್ಲದೆ ಕಡಿಮೆಯಾಯಿತು. ಊರಿನ ಹೆಂಗಸರು ಸೀರೆ ತರಲು ಇಂಡಿಗೆ, ವಿಜಯಪುರಕ್ಕೆ, ಸೋಲಾಪುರಕ್ಕೆ ಹೋಗುತ್ತಿದ್ದರು. ಸೀರೆ ಕೊಂಡಲ್ಲೇ ಫಾಲ್, ಪಿಕೊ, ಬ್ಲೌಸ್ ಎಲ್ಲವನ್ನೂ ಒಪ್ಪಿಸಿ ಬರುತ್ತಿದ್ದರು. ನನ್ನ ಬಾಗಿಲಿಗೆ ಬರುತ್ತಿದ್ದುದು ಹರಿದದ್ದು, ಬಿಗಿಯಾದದ್ದು, ಹುಕ್ಕು ಕಿತ್ತದ್ದು. ಗಂಡ ಗೂಡ್ಸ್ ಗಾಡಿ ಓಡಿಸುತ್ತಿದ್ದವರು ಬೆನ್ನಿಗೆ ಪೆಟ್ಟಾದ ಮೇಲೆ ಮನೆಯಲ್ಲೇ ಇದ್ದರು. ಮಷೀನ್ ಸುಮ್ಮನಿದ್ದರೆ ಅವರೂ ಮಾತಾಡುತ್ತಿರಲಿಲ್ಲ, ನಾನೂ ಮಾತಾಡುತ್ತಿರಲಿಲ್ಲ.

ಸೀರೆ ಮಾರುವ ಜಾಗದಲ್ಲೇ ಕೂತು ಹೊಲಿದರೆ ಹೇಗೆ ಎಂದು ಹೊಳೆದಾಗ ನೆನಪಾದವಳು ಹೈಸ್ಕೂಲಿನ ಗೆಳತಿ. ಇಂಡಿಯ ಬಾಜಾರಿನಲ್ಲಿ ಅವಳ ಗಂಡನ ಸೀರೆ ಅಂಗಡಿಯಿತ್ತು. ಅವರು ತೀರಿಕೊಂಡ ಮೇಲೆ ಅವಳೇ ಗಲ್ಲೆಯ ಮೇಲೆ ಕೂತು ನಡೆಸುತ್ತಿದ್ದಳು. ಗಿರಾಕಿಗಳೆಲ್ಲ ಅವಳನ್ನು ಅಕ್ಕ ಎನ್ನುವ ಅರ್ಥದಲ್ಲಿ ಆಪಾ ಎನ್ನುತ್ತಿದ್ದರು. ಸಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಆದರೆ ವರ್ಷಗಳಿಂದ ನಮ್ಮ ಮಾತು ಫೋನಿನಲ್ಲಿ ಹಬ್ಬದ ಶುಭಾಶಯಕ್ಕೆ ಮುಗಿಯುತ್ತಿತ್ತು.

ಫೋನು ಮಾಡಲು ಮನಸ್ಸು ಬರಲಿಲ್ಲ. ಫೋನಿನಲ್ಲಿ ಕೇಳಿದರೆ ಅವಳು ಆಗಲೇ ಹೂಂ ಅನ್ನಬೇಕು, ಇಲ್ಲವೇ ಊಹೂಂ ಅನ್ನಬೇಕು. ಬರೆದುಕೊಟ್ಟರೆ ಯೋಚಿಸಲು ಸಮಯ ಸಿಗುತ್ತದೆ. ಬೇಡವೆನ್ನುವಾಗ ನನ್ನ ಮುಖವನ್ನೂ ನೋಡಬೇಕಾಗುವುದಿಲ್ಲ. ಅದಕ್ಕೇ ಒಂದು ಚೀಟಿ ಬರೆದೆ:

"ನಿನ್ನ ಅಂಗಡಿಯ ಒಂದು ಮೂಲೆಯಲ್ಲಿ ನನ್ನ ಮಷೀನ್ ಇಡಲು ಜಾಗ ಕೊಡುತ್ತೀಯಾ? ಸೀರೆ ಕೊಂಡವರಿಗೆ ಫಾಲ್ ಹಚ್ಚಿ ಪಿಕೊ ಮಾಡಿ ಬ್ಲೌಸ್ ಹೊಲಿದು ಕೊಡುತ್ತೇನೆ. ಫಾಲ್, ಅಸ್ತರದ ಬಟ್ಟೆ ನಿನ್ನ ಅಂಗಡಿಯವೇ ಇರಲಿ, ಅದರ ಲಾಭ ನಿನ್ನದು. ಹೊಲಿಗೆ ಕೂಲಿಯಲ್ಲಿ ನಾಲ್ಕರಲ್ಲಿ ಒಂದು ಪಾಲು ಜಾಗಕ್ಕೆ, ಕರೆಂಟಿಗೆ ಅಂತ ನಿನಗೆ. ಬಟ್ಟೆ ಕೆಟ್ಟರೆ ನಷ್ಟ ನನ್ನದು. ಈ ಮದುವೆ ಸೀಜನ್ ಮುಗಿಯುವವರೆಗೆ ನೋಡೋಣ. ಸರಿ ಬರಲಿಲ್ಲ ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ ಸಾಕು ಅನ್ನಬಹುದು. ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ."

ದಾರದ ಉಂಡೆ ಕೊಳ್ಳುವ ನೆವದಲ್ಲಿ ಇಂಡಿಗೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಚೀಟಿಯನ್ನು ಅವಳ ಕೈಗಿಟ್ಟು, ಪುರುಸೊತ್ತಾದಾಗ ಓದು ಎಂದು ಹೇಳಿ, ಚಹಾಕ್ಕೂ ನಿಲ್ಲದೆ ಬಸ್‌ಸ್ಟ್ಯಾಂಡಿಗೆ ಬಂದುಬಿಟ್ಟೆ.

ಮಾರನೆಯ ದಿನ ಅವಳೇ ಫೋನು ಮಾಡಿದಳು. "ಓದೇನಿ," ಎಂದಳು. "ಮಷೀನ್ ತಗೊಂಡು ಬಾ. ಲಗೂನ ಬಾ."

ನನ್ನ ಕಣ್ಣು ತುಂಬಿತು. ಲಗೂನ, ಬೇಗ ಬಾ, ಎಂದದ್ದೇಕೆ ಎಂದು ಆಗ ಯೋಚಿಸಲಿಲ್ಲ.

ಹೊಲಿಗೆ ಮಷೀನನ್ನೂ ಪಿಕೊ ಮಷೀನನ್ನೂ ಒಂದು ಟಂಟಂ ಆಟೋದಲ್ಲಿ ಹೇರಿಕೊಂಡು ಹೋದೆ. ಕನ್ನಡಿಯ ಪಕ್ಕ, ಸ್ವಿಚ್ಚಿನ ಹತ್ತಿರ ಜಾಗ ಮಾಡಿಟ್ಟಿದ್ದಳು. ನೆಲ ಒರೆಸಿ, ಕೂರಲು ಒಂದು ದಿಂಬೂ ಹಾಕಿದ್ದಳು. ಸೀರೆ ಆರಿಸಿದ ಪ್ರತಿಯೊಬ್ಬರಿಗೂ ಅವಳು ನನ್ನತ್ತ ಕೈ ತೋರಿಸಿ, ಅಳತೆಯ ಬ್ಲೌಸ್ ತಂದುಕೊಟ್ಟರೆ ಸಾಕು, ಹೊಲಿದು ಇಡುತ್ತಾಳೆ ಎನ್ನುತ್ತಿದ್ದಳು. ಮೊದಮೊದಲು ಬರೀ ಫಾಲ್, ಪಿಕೊ ಬಂದವು. ಆಮೇಲೆ ಬ್ಲೌಸ್‌ಗಳು. ಸಾಲೋಟಗಿಯ ಒಂದು ಮನೆಯವರು ಮದುಮಗಳ ಬ್ಲೌಸನ್ನೇ ನಂಬಿ ಕೊಟ್ಟರು. ಅದನ್ನು ತೊಟ್ಟು ಕನ್ನಡಿಯೆದುರು ತಿರುಗಿ ನೋಡಿಕೊಂಡ ಆ ಹುಡುಗಿ ಬಿಚ್ಚಲು ಮನಸ್ಸಿಲ್ಲದೆ ನಿಂತಿದ್ದು ನೆನಪಿದೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ನನ್ನ ರೊಟ್ಟಿ, ಅವಳ ಪಲ್ಯ ಸೇರಿಸಿ ಗಲ್ಲೆಯ ಹಿಂದೆ ಕೂತು ಉಣ್ಣುತ್ತಿದ್ದೆವು. ಮನೆಗೆ ಬಂದರೆ ಗಂಡ ಇವತ್ತೇನು ಬಂತು ಎಂದು ಕೇಳುತ್ತಿದ್ದರು. ಅವರು ಹಾಗೆ ಕೇಳಿ ಬಹಳ ದಿನವಾಗಿತ್ತು. ಊರಿನಲ್ಲಿ ಇನ್ನೂ ನನಗೇ ಬಟ್ಟೆ ಕೊಡುತ್ತಿದ್ದ ನಾಲ್ಕು ಮನೆಗಳವರಿಗೂ, ಈಗ ನನಗೆ ಆಗುವುದಿಲ್ಲ, ಬೇರೆ ಕಡೆ ಕೊಡಿ ಎಂದು ಹೇಳಿಬಿಟ್ಟೆ.

ಕಪಾಟುಗಳು ಬರಿದಾಗುತ್ತಿದ್ದುದು ನನ್ನ ಕಣ್ಣಿಗೆ ಬಿದ್ದದ್ದು ತಡವಾಗಿ. ಯಾರಾದರೂ ಇದೇ ಅಂಚಿನಲ್ಲಿ ಬೇರೆ ಬಣ್ಣ ಕೇಳಿದರೆ ಗೆಳತಿ ಬರುವ ವಾರ ಮಾಲು ಬರುತ್ತದೆ ಎನ್ನುತ್ತಿದ್ದಳು. ಆ ವಾರ ಮಾಲು ಬರುತ್ತಿರಲಿಲ್ಲ. ಮೇಲಿನ ಸಾಲಿನ ಸೀರೆ ಡಬ್ಬಿಗಳಲ್ಲಿ ಒಂದನ್ನು ಇಳಿಸಲು ಹೋದೆ, ಹಗುರವಾಗಿತ್ತು. ಅಕ್ಕಪಕ್ಕದವೂ ಖಾಲಿ. ಕೇಳಿದ್ದಕ್ಕೆ, ಸೀಜನ್ನಲ್ಲಿ ಹಂಗೇ, ಬಂದದ್ದು ಬಂದಂಗ ಹೋಗುತ್ತದೆ ಎಂದಳು. ನಾನು ನಂಬಿದೆ. ನಂಬುವುದೇ ನನಗೆ ಬೇಕಾಗಿತ್ತು.

ಒಂದು ಬೆಳಿಗ್ಗೆ ಅವಳ ಮೈದುನ ಇನ್ನಿಬ್ಬರನ್ನು ಕರೆದುಕೊಂಡು ಬಂದ. ಅವರ ಕೈಯಲ್ಲಿ ಅಳತೆಯ ಟೇಪು ಇತ್ತು. ಗೋಡೆಯಿಂದ ಗೋಡೆಗೆ ಹಿಡಿದು ಅಳೆದರು. ನಾನು ಹೊಲಿಯುತ್ತಿದ್ದೆ. ಒಬ್ಬಾತ ಬಂದು, "ಅಕ್ಕಾರ, ಸ್ವಲ್ಪ ಕಾಲು ತಗೀರಿ," ಎಂದ. ಕಾಲೆತ್ತಿದೆ. ನನ್ನ ಮಷೀನಿನ ಕೆಳಗಿನಿಂದ ಟೇಪು ಹಾದು ಹೋಯಿತು. ಗೆಳತಿ ಸೀರೆ ಮಡಚುತ್ತಲೇ ಇದ್ದಳು, ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚುತ್ತಿದ್ದಳು.

ಅವರು ಹೋದ ಮೇಲೆ ಕೇಳಿದೆ.

"ಮೈದುನರು ಕಟ್ಟಡ ಮಾರ್ಯಾರ," ಎಂದಳು. "ಅಣ್ತಮ್ಮರ ಪಾಲಾತು. ನಮ್ಮವರು ಇಲ್ಲ, ನನ್ನ ಮಾತು ಯಾರು ಕೇಳ್ತಾರ? ಹಬ್ಬದ ಒಳಗ ಖಾಲಿ ಮಾಡಬೇಕು."

"ಯಾವಾಗ ಗೊತ್ತಾತು ನಿನಗ?"

ಅವಳು ಮಡಚಿದ ಸೀರೆಯನ್ನು ಕಪಾಟಿಗೆ ಇಟ್ಟಳು. "ನೀ ಚೀಟಿ ಕೊಡೂಕಿಂತ ಮೊದಲ."

ನನಗೆ ಸಿಟ್ಟು ಬಂತು. ಊರಿನ ಗಿರಾಕಿಗಳನ್ನು ಕೈಯಾರೆ ಕಳಿಸಿಬಿಟ್ಟೆನಲ್ಲ, ಮೊದಲೇ ಹೇಳಿದ್ದರೆ ಏನಾಗುತ್ತಿತ್ತು ಎಂದೆ. ಧ್ವನಿ ಏರಿತ್ತು. ಅವಳು ಬಾಗಿಲ ಕಡೆ ನೋಡುತ್ತ ಹೇಳಿದಳು:

"ಗಿರಾಕಿ ಹೆಚ್ಚಾದ್ರ ಅವರಿಗೆ ತೋರ್ಸಬಹುದು ಅಂತಿದ್ದೆ. ನೋಡ್ರಿ, ನಡಿಯಾಕತ್ತೈತಿ, ಬಾಡಿಗಿ ಕೊಡ್ತೇನಿ, ಇರಾಕ ಬಿಡ್ರಿ ಅಂತ ಕೇಳಬಹುದು ಅಂತಿದ್ದೆ. ಕೇಳಿದೆ. ಯಾರೂ ತಲಿ ಎತ್ತಿ ನೋಡ್ಲಿಲ್ಲ."

ಅಲ್ಲಿಗೆ ನನ್ನ ಸಿಟ್ಟೂ ಇಳಿಯಿತು. ಅದರ ಜಾಗಕ್ಕೆ ಬೇರೇನೂ ಬರಲಿಲ್ಲ. ಅವಳ ಮೇಲೆ ಸಿಟ್ಟಿದ್ದಾಗಲೇ ಮನಸ್ಸಿಗೆ ಹಿಡಿದುಕೊಳ್ಳಲು ಏನೋ ಇತ್ತು.

ಒಪ್ಪಿಕೊಂಡ ಬ್ಲೌಸ್‌ಗಳನ್ನೆಲ್ಲ ಹೊಲಿದು ಮುಗಿಸಿದೆ. ಅವಳು ಉಳಿದ ಸೀರೆಗಳನ್ನು ಬಂದ ಬೆಲೆಗೆ ಕೊಟ್ಟಳು. ನಡುನಡುವೆ ಬಾಜಾರಿನ ಬೇರೆ ಅಂಗಡಿಗಳಿಗೂ ಹೋಗಿ ಬಂದೆ. ಕೆಲವರಲ್ಲಿ ಆಗಲೇ ಟೇಲರ್ ಇದ್ದರು. ಕೆಲವರು ಹೆಸರು, ನಂಬರು ಬರೆದುಕೊಂಡರು. ಒಬ್ಬರು ಮಾತ್ರ, ಈಗೆಲ್ಲ ಬ್ಲೌಸೂ ರೆಡಿಮೇಡ್ ಬರ್ತಾವ್ರಿ ಅಕ್ಕಾರ ಎಂದು ಕಟ್ಟು ಬಿಚ್ಚಿ ತೋರಿಸಿದರು. ಹೊಲಿಗೆ ಚೆನ್ನಾಗಿತ್ತು. ತೋಳಿನ ತಿರುವನ್ನು ಬೆರಳಲ್ಲಿ ಮುಟ್ಟಿ ನೋಡಿ, ಹೌದ್ರಿ ಎಂದು ಹೇಳಿ ಹೊರಗೆ ಬಂದೆ.

ಮಷೀನ್ ಹೇರುವಾಗ ಅವಳು ಒಂದು ಕಡೆ ಹಿಡಿದಳು, ನಾನೊಂದು ಕಡೆ. 

ಊರಿನ ನಾಲ್ಕು ಮನೆಗಳವರು ಅಷ್ಟರಲ್ಲಿ ಬೇರೆಯವರಲ್ಲಿ ಹೊಂದಿಕೊಂಡಿದ್ದರು. ಒಬ್ಬಾಕೆ ದಾರಿಯಲ್ಲಿ ಸಿಕ್ಕು, ನೀವೇ ಬ್ಯಾಡ ಅಂದ್ರಲ್ರಿ ಎಂದಳು. ಅದು ನಿಜವೇ ಆಗಿತ್ತು. ಈಗ ಸಾಲೆಯ ಮಕ್ಕಳ ಚಡ್ಡಿಯ ಅಂಚು ಬಿಚ್ಚಿ ಉದ್ದ ಮಾಡುತ್ತೇನೆ, ಜಿಪ್ ಬದಲಿಸುತ್ತೇನೆ. ಪಿಕೊ ಮಷೀನಿಗೆ ಬಟ್ಟೆ ಮುಚ್ಚಿಟ್ಟಿದ್ದೇನೆ. ಇವತ್ತೇನು ಬಂತು ಎಂದು ಗಂಡ ಕೇಳುವುದಿಲ್ಲ.

ಗೆಳತಿ ಸಿಂದಗಿಯಲ್ಲಿ ಅಕ್ಕನ ಮನೆ ಸೇರಿದಳು. ಅಲ್ಲಿಯ ದೊಡ್ಡದೊಂದು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ. ಮೊನ್ನೆ ಫೋನು ಮಾಡಿದ್ದಳು. ಆ ಅಂಗಡಿಯಲ್ಲಿ ಹೊಲಿಯುವವರು ಬೇಕಾಗಬಹುದೇನೋ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು: "ನಿನ್ನ ಸಲುವಾಗಿ ಕೇಳೇನಿ. ಅವರ ಕಡೆ ಟೇಲರ್ ಅದಾರಂತ."

ಆಗಲಿ ಬಿಡು ಎಂದೆ. ದಿನವಿಡೀ ನಿಂತೇ ಇರಬೇಕು, ಕೂಡಲು ಬಿಡುವುದಿಲ್ಲ, ಸಂಜೆಗೆ ಕಾಲು ಬಾತುಕೊಳ್ಳುತ್ತವೆ ಎಂದಳು. ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಟ್ಟುಕೊಂಡು ಕೂಡು ಎಂದು ಹೇಳಿದೆ.